ವಿಷಯ: ಸೆಪ್ಟೆಂಬರ್ 14ರ ಇಂಟರ್ವ್ಯೂಗೆ ಬೇರೆ ದಿನ ಕೊಡಬಹುದೇ?

ನಮಸ್ಕಾರ ಮೇಡಂ,

ಅಕೌಂಟ್ಸ್ ಎಕ್ಸಿಕ್ಯೂಟಿವ್ ಕೆಲಸಕ್ಕೆ ನನ್ನನ್ನು ಎರಡನೇ ಸುತ್ತಿಗೆ ಕರೆದಿದ್ದೀರಿ, ತುಂಬಾ ಖುಷಿಯಾಯಿತು. ಈ ಕೆಲಸ ನನಗೆ ನಿಜಕ್ಕೂ ಬೇಕು, ಹಾಗಾಗಿ ಸುತ್ತಿ ಬಳಸದೆ ಹೇಳುತ್ತೇನೆ. ನೀವು ತಿಳಿಸಿರುವ ಸೆಪ್ಟೆಂಬರ್ 14, ಸೋಮವಾರ ಬೆಳಿಗ್ಗೆ 11 ಗಂಟೆಗೆ ನನಗೆ ಬರಲು ಆಗುವುದಿಲ್ಲ. ಅವತ್ತು ಗಣೇಶನ ಹಬ್ಬ.

ಚೌತಿ ಪ್ರತಿ ವರ್ಷ ಬೇರೆ ಬೇರೆ ತಾರೀಖಿಗೆ ಬರುತ್ತದಲ್ಲ, ದಿನ ಗೊತ್ತು ಮಾಡುವಾಗ ಗಮನಕ್ಕೆ ಬಾರದೆ ಹೋಗಿರಬಹುದು. ನಮ್ಮಲ್ಲಿ ದೊಡ್ಡಪ್ಪ, ಚಿಕ್ಕಪ್ಪಂದಿರ ಮನೆಯವರೆಲ್ಲ ಅವತ್ತು ನಮ್ಮ ಮನೆಗೇ ಬರುತ್ತಾರೆ. ಪೂಜೆಗೆ ಯಾವಾಗಲೂ ಅಪ್ಪ ಕೂರುತ್ತಿದ್ದರು, ಜುಲೈನಲ್ಲಿ ಅವರ ಮೊಣಕಾಲಿಗೆ ಆಪರೇಷನ್ ಆಗಿರುವುದರಿಂದ ಈ ಸಲ ನೆಲದ ಮೇಲೆ ಕೂರುವ ಹಾಗಿಲ್ಲ, ನಾನೇ ಕೂರಬೇಕು. ಬೆಳಿಗ್ಗೆ ಶುರುವಾದರೆ ಮುಗಿಯುವುದು ಮಧ್ಯಾಹ್ನವೇ. ನಡುವೆ ಎದ್ದು ಬರುವುದು ನನಗೂ ಸರಿಯಲ್ಲ, ಅರ್ಧ ಮನಸ್ಸಿನಲ್ಲಿ ಇಂಟರ್ವ್ಯೂ ಕೊಡುವುದು ನಿಮಗೂ ಸರಿ ಹೋಗುವುದಿಲ್ಲ ಅಲ್ವಾ?

ಸೆಪ್ಟೆಂಬರ್ 16, ಬುಧವಾರ ನಾನು ಇಡೀ ದಿನ ಬಿಡುವಾಗಿರುತ್ತೇನೆ. 17, ಗುರುವಾರ ಆದರೆ ಮಧ್ಯಾಹ್ನ 2ರ ನಂತರ ಬರಬಲ್ಲೆ. ಅದಕ್ಕಿಂತ ಮುಂದೆ ಹೋದರೆ ಮಾತ್ರ ಸ್ವಲ್ಪ ಕಷ್ಟ, 20ರೊಳಗೆ ಜಿಎಸ್‌ಟಿಆರ್-3ಬಿ ಸಲ್ಲಿಸಬೇಕಿರುವುದರಿಂದ ಈಗಿನ ಆಫೀಸಿನಲ್ಲಿ ಆ ಎರಡು ಮೂರು ದಿನ ರಜೆ ಕೇಳುವುದು ನ್ಯಾಯವಲ್ಲ. ಹಬ್ಬಕ್ಕೆ ಮುಂಚೆಯೇ ಮುಗಿಸುವುದು ನಿಮಗೆ ಅನುಕೂಲವಾದರೆ 12, ಶನಿವಾರ ಮಧ್ಯಾಹ್ನವೂ ಆಗಬಹುದು. ಶನಿವಾರ ನಿಮ್ಮ ಆಫೀಸ್ ತೆರೆದಿರುತ್ತದೆ ಎಂದು ಫೋನಿನಲ್ಲಿ ಹೇಳಿದ್ದಿರಿ.

ಫೈನಾನ್ಸ್ ಮ್ಯಾನೇಜರ್ ಸರ್ ಬೇರೆ ಊರಿನಿಂದ ಬರುತ್ತಾರೆ, ಅವರ ದಿನಗಳನ್ನು ಹೊಂದಿಸುವುದು ಸುಲಭವಲ್ಲ ಎಂಬುದು ನನಗೆ ಗೊತ್ತು. ಅವರು 14ಕ್ಕೆ ಮಾತ್ರ ಸಿಗುವುದಾದರೆ ಅವತ್ತೇ ಸಂಜೆ 6ರ ನಂತರ ವಿಡಿಯೋ ಕಾಲ್‌ನಲ್ಲಿ ಅವರ ಜೊತೆ ಮಾತಾಡುತ್ತೇನೆ, ಟ್ಯಾಲಿ ಪರೀಕ್ಷೆಗೆ 16ರಂದು ಆಫೀಸಿಗೇ ಬರುತ್ತೇನೆ. ಎರಡೂ ಒಂದೇ ದಿನ ಆದರೆ ಒಳ್ಳೆಯದು, ಆಗದಿದ್ದರೂ ನನ್ನ ಕಡೆಯಿಂದ ತೊಂದರೆ ಇಲ್ಲ.

ನೀವು ಕೇಳಿದ್ದ ಸರ್ಟಿಫಿಕೇಟ್‌ಗಳು ಮತ್ತು ಕಳೆದ ಮೂರು ತಿಂಗಳ ಸಂಬಳದ ಚೀಟಿಗಳನ್ನು ಈ ಮೇಲ್ ಜೊತೆಗೇ ಕಳಿಸಿದ್ದೇನೆ, ದಿನ ಬದಲಾಯಿತೆಂದು ಆ ಕೆಲಸ ನಿಲ್ಲುವುದು ಬೇಡ.

ಯಾವ ದಿನ ಎಂದು 10, ಗುರುವಾರದೊಳಗೆ ತಿಳಿಸಿದರೆ ಇಲ್ಲಿ ರಜೆಗೆ ಹೇಳಿಡುತ್ತೇನೆ. ಫೋನ್ ಮಾಡುವುದಾದರೆ ಸಂಜೆ 6ರ ಮೇಲೆ ಮಾಡಿ, ಆಫೀಸಿನಲ್ಲಿರುವಾಗ ಎತ್ತಲು ಆಗುವುದಿಲ್ಲ.

ಧನ್ಯವಾದಗಳೊಂದಿಗೆ,
ಹರೀಶ್