ಮಳೆನೀರು ಕೊಯ್ಲು ಮತ್ತು ಇಂಗುಬಾವಿ ಕೆಲಸ: ತಿದ್ದಿ ಬರೆದ ಪ್ರಸ್ತಾವನೆ

ಬೆಂಗಳೂರು, 10 ಫೆಬ್ರವರಿ 2026

ಕಾರ್ಯದರ್ಶಿಗಳಿಗೆ,
ನಿವಾಸಿಗಳ ಸಂಘ, ಜೆ.ಪಿ. ನಗರ 7ನೇ ಹಂತ

ಮೇಡಂ, ನಮಸ್ಕಾರ.

ಕಳೆದ ತಿಂಗಳು ನಾನು ಕಳಿಸಿದ್ದ ಎರಡು ಪುಟದ ಕಾಗದವನ್ನು ಕಮಿಟಿಯಲ್ಲಿ ಓದಿದವರೆಲ್ಲ ಒಂದೊಂದು ಅರ್ಥ ಮಾಡಿಕೊಂಡರು ಎಂದು ಫೋನಿನಲ್ಲಿ ಹೇಳಿದಿರಿ. ಆಮೇಲೆ ನಾನೇ ಅದನ್ನು ಮತ್ತೆ ಓದಿ ನೋಡಿದೆ. "ಪೈಪು ಗೀಪು ಎಲ್ಲ ನಾವೇ ನೋಡಿಕೊಳ್ಳುತ್ತೇವೆ", "ಒಂದು ತಿಂಗಳಲ್ಲಿ ಆಗಿಹೋಗುತ್ತೆ", "ನಾಲ್ಕರ ಆಸುಪಾಸು ಬರುತ್ತೆ, ಕೂತು ಮಾತಾಡೋಣ" ಎಂದೆಲ್ಲ ಬರೆದಿದ್ದೆ. ನಿಮ್ಮ ಖಜಾಂಚಿಯವರು ಕೇಳಿದ್ದು ಸರಿ: ನಾಲ್ಕು ಎಂದರೆ ಜಿಎಸ್‌ಟಿ ಸೇರಿಯೋ, ಬಿಟ್ಟೋ? ಅದಕ್ಕೆ ಆ ಕಾಗದದಲ್ಲಿ ಉತ್ತರವೇ ಇರಲಿಲ್ಲ.

ನೀವು ಕೇಳಿದ ಹಾಗೆ ಅದೇ ಪ್ರಸ್ತಾವನೆಯನ್ನು ಐದು ಭಾಗ ಮಾಡಿ ಬರೆದಿದ್ದೇನೆ. ಒಂದು ಮಾತನ್ನು ಮಾತ್ರ ಪೂರ್ತಿ ತೆಗೆದುಹಾಕಿದ್ದೇನೆ: "ಇನ್ನು ಟ್ಯಾಂಕರ್ ಮರೆತುಬಿಡಿ" ಎಂಬುದು. ಲೆಕ್ಕ ಹಾಕಿ ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಹಳೆಯ ಕಾಗದವನ್ನು ರದ್ದಾಯಿತೆಂದು ತಿಳಿದು, 22ನೇ ತಾರೀಖು ಭಾನುವಾರದ ಸಭೆಗೆ ಇದನ್ನೇ ಇಡಿ.

1. ಸಾರಾಂಶ

ನಿಮ್ಮ 48 ಮನೆಗಳ ಕಟ್ಟಡದ ತಾರಸಿ ಸುಮಾರು 1,000 ಚದರ ಮೀಟರ್ ಇದೆ. ಅಲ್ಲಿ ಬೀಳುವ ಮಳೆ ಈಗ 10 ಕೊಳವೆಗಳಲ್ಲಿ ಇಳಿದು ನೇರ ರಸ್ತೆಯ ಚರಂಡಿ ಸೇರುತ್ತಿದೆ. ಅದನ್ನು ಸೋಸಿ, ಹಿಂಬದಿಯಲ್ಲಿ ಬಳಸದೆ ಬಿಟ್ಟಿರುವ 30,000 ಲೀಟರಿನ ಸಂಪಿಗೆ ತುಂಬಿಸುವುದು, ತುಂಬಿ ಹೆಚ್ಚಾದದ್ದನ್ನು ಎರಡು ಇಂಗುಬಾವಿಗೆ ಬಿಡುವುದು ಈ ಕೆಲಸ. ಖರ್ಚು ಜಿಎಸ್‌ಟಿ ಸೇರಿ ₹3,98,840. ಮನೆಗೆ ಹಂಚಿದರೆ ₹8,309ರ ಹತ್ತಿರ. ಮಾರ್ಚ್ 2ರಂದು ಶುರು ಮಾಡಿ ಏಪ್ರಿಲ್ 4ಕ್ಕೆ ಒಪ್ಪಿಸುತ್ತೇವೆ.

ಇನ್ನು ನೀರಿನ ಲೆಕ್ಕ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಬೆಂಗಳೂರಿಗೆ ವರ್ಷಕ್ಕೆ ಸರಾಸರಿ 970 ಮಿ.ಮೀ. ಆಸುಪಾಸು ಮಳೆ. ಆರಿಹೋಗುವುದು, ಚೆಲ್ಲಿಹೋಗುವುದು, ಮೊದಲ ಕೊಳೆನೀರು ಎಂದು ಐದರಲ್ಲೊಂದು ಪಾಲು ಕಳೆದರೆ ನಿಮ್ಮ ತಾರಸಿಯಿಂದ ಸಿಗುವುದು ಹೆಚ್ಚೆಂದರೆ 7.8 ಲಕ್ಷ ಲೀಟರ್. ತಲೆಗೆ ದಿನಕ್ಕೆ 135 ಲೀಟರಿನಂತೆ, ಮನೆಗೆ ಮೂರೂವರೆ ಜನ ಎಂದು ಹಿಡಿದರೆ ಕಟ್ಟಡಕ್ಕೆ ದಿನಕ್ಕೆ ಸುಮಾರು 22,700 ಲೀಟರ್ ಬೇಕು. ಅಂದರೆ ವರ್ಷದ ಮಳೆಯೆಲ್ಲ ಸೇರಿ ನಿಮಗೆ 34 ದಿನದ ನೀರು.

ಅದೂ ಮಾರ್ಚ್ ತಿಂಗಳಲ್ಲಿ ಅಲ್ಲ. ಇಲ್ಲಿ ಮಳೆಯ ಬಹುಪಾಲು ಮೇಯಿಂದ ಅಕ್ಟೋಬರ್ ಒಳಗೆ ಬೀಳುತ್ತದೆ, ಟ್ಯಾಂಕರಿಗೆ ಸಾಲು ನಿಲ್ಲುವುದು ಅದಕ್ಕೂ ಮುಂಚೆ. 2024ರ ಬೇಸಿಗೆಯನ್ನು ನೀವೆಲ್ಲ ಕಂಡಿದ್ದೀರಿ. ಸಂಪಿನ ನೀರು ಮಳೆಗಾಲದಲ್ಲಿ ಬೋರ್‌ವೆಲ್ ಮೇಲಿನ ಹೊರೆಯನ್ನು ಇಳಿಸುತ್ತದೆ, ಇಂಗಿದ ನೀರು ಮಣ್ಣಿಗೆ ಸೇರುತ್ತದೆ. ಅದು ನಿಮ್ಮ ಬೋರ್‌ವೆಲ್ಲಿಗೇ ಬರುತ್ತದೆ ಎಂದು ಬರೆದುಕೊಡಲು ನನ್ನಿಂದಾಗದು. ಬರೆದುಕೊಡುವವರು ಸಿಕ್ಕರೆ ಯಾವ ಲೆಕ್ಕದ ಮೇಲೆ ಎಂದು ಕೇಳಿ.

ಕಾನೂನಿನ ಮಾತೂ ಇದೆ. 2009ರ ತಿದ್ದುಪಡಿಯಿಂದ 60×40 ಅಡಿ ಮತ್ತು ಅದಕ್ಕಿಂತ ದೊಡ್ಡ ನಿವೇಶನದ ಹಳೆಯ ಕಟ್ಟಡಗಳಿಗೂ ಮಳೆನೀರು ಕೊಯ್ಲು ಕಡ್ಡಾಯ. ಮಾಡಿಸದಿದ್ದರೆ ಜಲಮಂಡಳಿ ಬಿಲ್ಲಿನಲ್ಲೇ ದಂಡ ಹಾಕುತ್ತದೆ.

2. ಕೆಲಸದ ವ್ಯಾಪ್ತಿ

ತಾರಸಿಯಲ್ಲಿ 10 ಕಡೆ ನೀರಿಳಿಯುವ ಬಾಯಿಗಳಿಗೆ ಹೊಸ ಜಾಲರಿ ಕೂರಿಸುತ್ತೇವೆ. ಕೆಳಗೆ ಆ ಕೊಳವೆಗಳನ್ನು ಚರಂಡಿಯಿಂದ ತಪ್ಪಿಸಿ, 110 ಮಿ.ಮೀ. ಪಿವಿಸಿ ಪೈಪಿನಲ್ಲಿ ನಾಲ್ಕು ಫಿಲ್ಟರ್‌ಗಳಿಗೆ ಸೇರಿಸುತ್ತೇವೆ. ಒಟ್ಟು ಪೈಪು 120 ಮೀಟರ್. ಒಂದೊಂದು ಫಿಲ್ಟರಿಗೂ ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಡುವ ವಾಲ್ವ್ ಇರುತ್ತದೆ. ಪಾರಿವಾಳದ ಹಿಕ್ಕೆ, ಎಲೆ, ಧೂಳು ಎಲ್ಲ ಮೊದಲ 2 ಮಿ.ಮೀ. ಮಳೆಯಲ್ಲೇ ಇಳಿಯುತ್ತದೆ, ಆ 2,000 ಲೀಟರನ್ನು ಆಸೆಪಡದೆ ಬಿಟ್ಟುಬಿಡಬೇಕು.

ಸಂಪನ್ನು ಖಾಲಿ ಮಾಡಿ, ಹೂಳು ತೆಗೆದು, ಬಿರುಕು ಮುಚ್ಚಿ, ಒಳಗೆ ನೀರುನಿರೋಧಕ ಕೋಟಿಂಗ್ ಹಾಕುತ್ತೇವೆ. ಅಲ್ಲಿಂದ ನಿಮ್ಮ ಮುಖ್ಯ ಸಂಪಿಗೆ ನೀರು ಹಾಯಿಸಲು 1 ಎಚ್‌ಪಿ ಪಂಪು ಮತ್ತು ಅದರ ವೈರಿಂಗ್. ನಡುವೆ ಒಂದು ಮೀಟರ್, ಎಷ್ಟು ನೀರು ಬಂತು ಎಂದು ನನ್ನ ಬಾಯಿಮಾತಿನ ಮೇಲೆ ನಂಬಬೇಕಾಗಿಲ್ಲ.

ಇಂಗುಬಾವಿ ಎರಡು, ಒಂದು ಗೇಟಿನ ಎಡಕ್ಕೆ, ಇನ್ನೊಂದು ಮಕ್ಕಳ ಉಯ್ಯಾಲೆಯ ಹಿಂದೆ. ತಲಾ 3 ಅಡಿ ಅಗಲ, 25 ಅಡಿ ಆಳ. ಒಂದಡಿ ಎತ್ತರದ ಸಿಮೆಂಟ್ ರಿಂಗನ್ನು ಒಂದರ ಮೇಲೊಂದು ಇಳಿಸುತ್ತಾ ಹೋಗುತ್ತೇವೆ. ರಿಂಗುಗಳ ನಡುವೆ ಗಾರೆ ಹಾಕುವುದಿಲ್ಲ, ಹೊರಸುತ್ತಿಗೆ ಜಲ್ಲಿ ತುಂಬುತ್ತೇವೆ. ನೀರು ತಳದಿಂದ ಮಾತ್ರವಲ್ಲ, ಪಕ್ಕದಿಂದಲೂ ಇಂಗಬೇಕು. ನೀಟಾಗಿ ಕಾಣಲಿ ಎಂದು ಯಾರಾದರೂ ಆ ಸಂದು ಮುಚ್ಚಿಸಿದರೆ ಅದು ಬಾವಿಯಾಗುವುದಿಲ್ಲ, ತೊಟ್ಟಿಯಾಗುತ್ತದೆ. ಒಂದೊಂದರಲ್ಲಿ ಸುಮಾರು 5,000 ಲೀಟರ್ ಹಿಡಿಯುತ್ತದೆ. ಬಾವಿಗೆ ಮುಂಚೆ ಹೂಳು ನಿಲ್ಲುವ ಚೇಂಬರ್, ಮೇಲೆ ಬೀಗ ಹಾಕುವ ಕಾಂಕ್ರೀಟ್ ಮುಚ್ಚಳ. ಮಕ್ಕಳು ಆಡುವ ಜಾಗ, ಬೀಗದ ವಿಷಯದಲ್ಲಿ ರಾಜಿ ಇಲ್ಲ. ತೋಡುವವರು ತಲೆತಲಾಂತರದಿಂದ ಇದೇ ಕೆಲಸ ಮಾಡಿಕೊಂಡು ಬಂದ ಮಣ್ಣು ವಡ್ಡರು. ಕೆಳಗಿಳಿಯುವವರಿಗೆ ಹೆಲ್ಮೆಟ್, ಸೊಂಟಕ್ಕೆ ಹಗ್ಗ, ವಿಮೆ ನಮ್ಮ ಜವಾಬ್ದಾರಿ.

ಇದರಲ್ಲಿ ಸೇರದ್ದು: ಬೋರ್‌ವೆಲ್ ರಿಪೇರಿ, ಎಸ್‌ಟಿಪಿ, ತಾರಸಿಯ ಸೋರಿಕೆ, ಕುಡಿಯಲು ಬೇಕಾದ ಶುದ್ಧೀಕರಣ. ಈ ನೀರು ಬಳಕೆಗೆ, ನೇರ ಕುಡಿಯಲು ಅಲ್ಲ. ಪೈಪಿಗಾಗಿ ಎತ್ತಿದ ನೆಲದ ಬಿಲ್ಲೆಗಳನ್ನು ಅದೇ ಜಾಗಕ್ಕೆ ಕೂರಿಸುತ್ತೇವೆ. ಈಗಾಗಲೇ ಒಡೆದಿರುವುದನ್ನು ಬದಲಾಯಿಸುವುದು ಬೇರೆ ಖರ್ಚು. ಯಾವುದು ಒಡೆದಿದೆ ಎಂದು ಮೊದಲ ದಿನವೇ ಇಬ್ಬರೂ ಸೇರಿ ಫೋಟೋ ತೆಗೆದುಕೊಳ್ಳೋಣ.

3. ಕಾಲಾವಧಿ

ಮಾರ್ಚ್ 2ರಿಂದ 7: ಗುರುತು ಹಾಕುವುದು, ಗೇಟಿನ ಬಳಿಯ ಬಾವಿ.
ಮಾರ್ಚ್ 9ರಿಂದ 14: ಎರಡನೇ ಬಾವಿ, ಎರಡೂ ಹೂಳಿನ ಚೇಂಬರ್.
ಮಾರ್ಚ್ 16ರಿಂದ 18: ಸಂಪಿನ ಹೂಳು, ಬಿರುಕು, ಕೋಟಿಂಗ್.
ಮಾರ್ಚ್ 19ರಿಂದ 22: ಯುಗಾದಿ ರಜೆ.
ಮಾರ್ಚ್ 23ರಿಂದ 28: ಪೈಪು, ಜಾಲರಿ, ಫಿಲ್ಟರ್.
ಮಾರ್ಚ್ 30ರಿಂದ ಏಪ್ರಿಲ್ 4: ಪಂಪು, ಮೀಟರ್, ಪರೀಕ್ಷೆ, ಒಪ್ಪಿಸುವಿಕೆ.

ಯುಗಾದಿಗೆ ಕೆಲಸದವರು ಊರಿಗೆ ಹೋಗುತ್ತಾರೆ, ಹೋಗಬೇಡಿ ಎನ್ನಲಾಗದು. ಹಳೆಯ ಕಾಗದದ "ಒಂದು ತಿಂಗಳು" ಇದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಆ ನಾಲ್ಕು ದಿನ ಸಂಪಿನ ಕೋಟಿಂಗ್ ಒಣಗುತ್ತದೆ, ಹಾಗಾಗಿ ಪೂರ್ತಿ ದಂಡವಲ್ಲ. ಪರೀಕ್ಷೆಗೆ ಮಳೆ ಕಾಯಬೇಕಿಲ್ಲ: ಒಂದೊಂದು ಬಾಯಿಗೂ 500 ಲೀಟರ್ ನೀರು ಸುರಿದು, ಎಲ್ಲಿಯೂ ಸೋರದೆ ಫಿಲ್ಟರ್ ದಾಟಿ ಸಂಪು ಸೇರುವುದನ್ನು ನಿಮ್ಮ ಕಡೆಯವರ ಎದುರಿಗೇ ತೋರಿಸುತ್ತೇವೆ.

ಬಾವಿ ತೋಡುವ ಹೊತ್ತು ಬೆಳಿಗ್ಗೆ 8ರಿಂದ ಸಂಜೆ 5. ಸದ್ದಿನ ಕೆಲಸ 9ರ ಮೇಲೆ. ಭಾನುವಾರ ಕೆಲಸವಿಲ್ಲ.

4. ದರ

| ಕೆಲಸ | ಪ್ರಮಾಣ ಮತ್ತು ದರ | ಮೊತ್ತ (₹) |
|---|---|---|
| ತಾರಸಿ ಜಾಲರಿ | 10 × 650 | 6,500 |
| ಪಿವಿಸಿ ಪೈಪು, ಕೂಲಿ ಸೇರಿ | 120 ಮೀ. × 620 | 74,400 |
| ಫಿಲ್ಟರ್, ವಾಲ್ವ್ ಸೇರಿ | 4 × 14,500 | 58,000 |
| ಸಂಪಿನ ದುರಸ್ತಿ | ಒಟ್ಟಾರೆ | 46,000 |
| ಇಂಗುಬಾವಿ | 2 × 52,000 | 1,04,000 |
| ಹೂಳಿನ ಚೇಂಬರ್ | 2 × 9,500 | 19,000 |
| ಪಂಪು, ವೈರಿಂಗ್ | ಒಟ್ಟಾರೆ | 23,500 |
| ನೀರಿನ ಮೀಟರ್ | 1 | 6,600 |
| ಮೊತ್ತ | | 3,38,000 |
| ಜಿಎಸ್‌ಟಿ 18% | | 60,840 |
| ಒಟ್ಟು | | 3,98,840 |

ಬಾವಿಯ ₹52,000ದಲ್ಲಿ ಅಡಿಗೆ ₹1,800ರಂತೆ 25 ಅಡಿಗೆ ₹45,000, ಮುಚ್ಚಳ ಮತ್ತು ಬೀಗಕ್ಕೆ ₹7,000. ಬಿಡಿಸಿ ಬರೆಯಲು ಕಾರಣವಿದೆ. ಬೆಂಗಳೂರಿನ ನೆಲದಲ್ಲಿ ಬಂಡೆ ಎಲ್ಲಿ ಸಿಗುತ್ತದೆ ಎಂದು ಮೇಲಿನಿಂದ ಹೇಳಲಾಗದು. 18 ಅಡಿಗೆ ಬಂಡೆ ಬಂದರೆ ಅಲ್ಲಿಗೇ ನಿಲ್ಲಿಸುತ್ತೇವೆ, ಸಿಡಿಮದ್ದು ಹಾಕುವುದಿಲ್ಲ. ತೋಡದ 7 ಅಡಿಯ ₹12,600 ಮತ್ತು ಅದರ ಜಿಎಸ್‌ಟಿ ಬಿಲ್ಲಿನಲ್ಲಿ ಕಡಿಮೆಯಾಗುತ್ತದೆ. ಪೈಪಿಗೂ ಹಾಗೆಯೇ, ಹಾಕಿದ ಉದ್ದ ಅಳೆದು ಬಿಲ್ಲು.

ಹಣ ನಾಲ್ಕು ಕಂತಿನಲ್ಲಿ: ಕೆಲಸದ ಆದೇಶದ ಜೊತೆ 30%, ₹1,19,652. ಎರಡೂ ಬಾವಿ ಮುಗಿದು ಸಂಪಿನ ಕೋಟಿಂಗ್ ಆದ ಮೇಲೆ 40%, ₹1,59,536. ಪರೀಕ್ಷೆ ಪಾಸಾದ ಮೇಲೆ 25%, ₹99,710. ಉಳಿದ 5%, ₹19,942 ನಿಮ್ಮ ಬಳಿಯೇ ಇರಲಿ, ಒಂದು ಮಳೆಗಾಲ ಕಳೆದು ಅಕ್ಟೋಬರ್ 31ಕ್ಕೆ ಕೊಡಿ. ಮುಂಗಡ ಅರ್ಧ ಎಂದು ಹಿಂದೆ ಕೇಳಿದ್ದೆ, ಬಿಟ್ಟಿದ್ದೇನೆ. ಎಲ್ಲ ಪಾವತಿ ಬ್ಯಾಂಕ್ ಮೂಲಕ, ಟಿಡಿಎಸ್ ನಿಯಮದಂತೆ ಹಿಡಿದುಕೊಳ್ಳಬಹುದು.

5. ಷರತ್ತುಗಳು

ಈ ದರ ಮಾರ್ಚ್ 1ರವರೆಗೆ ಮಾತ್ರ. ಆದೇಶ ತಡವಾದರೆ ಮುಗಿಸುವ ದಿನವೂ ಅಷ್ಟೇ ಮುಂದೆ ಹೋಗುತ್ತದೆ.

ನಮ್ಮಿಂದ ತಡವಾದರೆ ವಾರಕ್ಕೆ ಒಟ್ಟು ಮೊತ್ತದ 1% ಕಡಿತ, ಗರಿಷ್ಠ 5%. ಮಳೆ ಬಂದು ಬಾವಿಯಲ್ಲಿ ನೀರು ನಿಂತ ದಿನಗಳು ಇದಕ್ಕೆ ಸೇರವು.

ಸಂಘದವರು ಒದಗಿಸಬೇಕಾದ್ದು: ಕರೆಂಟು, ನೀರು, ಸಾಮಾನಿಡಲು ಬೀಗವಿರುವ ಜಾಗ. ನೆಲದೊಳಗಿನ ಕೇಬಲ್ ಮತ್ತು ಒಳಚರಂಡಿ ಎಲ್ಲಿ ಹಾದಿದೆ ಎಂದು ಗುರುತಿಸಿ ಸಹಿ ಮಾಡಿ ಕೊಡಬೇಕು. ತೋರಿಸಿದ ಲೈನ್ ನಮ್ಮಿಂದ ತುಂಡಾದರೆ ರಿಪೇರಿ ನಮ್ಮದು, ತೋರಿಸದೆ ಇದ್ದದ್ದು ತುಂಡಾದರೆ ನಿಮ್ಮದು. (ಹೋದ ವರ್ಷ ಬೇರೊಂದು ಕಟ್ಟಡದಲ್ಲಿ ಮೂರು ದಿನ ಇಂಟರ್ನೆಟ್ ಇಲ್ಲದೆ ಬೈಸಿಕೊಂಡದ್ದರ ಫಲ ಈ ಸಾಲು.) ಬಾವಿಯ ಮಣ್ಣನ್ನು ನಾವೇ ಸಾಗಿಸುತ್ತೇವೆ.

ಒಪ್ಪಿಸಿದ ದಿನದಿಂದ ಪೈಪು, ಫಿಲ್ಟರ್, ಕೋಟಿಂಗ್‌ಗೆ 12 ತಿಂಗಳ ಗ್ಯಾರಂಟಿ. ಪಂಪಿಗೆ ತಯಾರಕರದ್ದು. ಮಳೆಗಾಲದಲ್ಲಿ 15 ದಿನಕ್ಕೊಮ್ಮೆ ಫಿಲ್ಟರ್ ತೊಳೆಯಬೇಕು, ಹೇಗೆಂದು ನಿಮ್ಮ ಪ್ಲಂಬರಿಗೆ ಕಲಿಸಿಕೊಡುತ್ತೇವೆ. ತೊಳೆಯದೆ ಕಟ್ಟಿಕೊಂಡರೆ ಗ್ಯಾರಂಟಿಗೆ ಬರುವುದಿಲ್ಲ. ಮಳೆಗಾಲದಲ್ಲಿ ತಾರಸಿಯನ್ನು ಸೋಪುಪುಡಿ, ಆಸಿಡ್ ಹಾಕಿ ತೊಳೆಯುವುದಾದರೆ ವಾಲ್ವ್ ಹೊರಗೆ ತಿರುಗಿಸಿ ತೊಳೆಯಿರಿ, ಇಲ್ಲವಾದರೆ ಅದೂ ಸಂಪಿಗೇ ಇಳಿಯುತ್ತದೆ.

ಹೆಚ್ಚುವರಿ ಕೆಲಸವೇನೇ ಬಂದರೂ ಮೊದಲು ಬರೆದು ದರ ಹೇಳುತ್ತೇವೆ. ನಿಮ್ಮ ಮತ್ತು ಖಜಾಂಚಿಯವರ ಸಹಿ ಬೀಳುವವರೆಗೆ ಮಾಡುವುದಿಲ್ಲ. ಲಿಫ್ಟಿನಲ್ಲಿ ಸಿಕ್ಕ ನಿವಾಸಿ "ಹಂಗೇ ಅದೂ ಒಂದು ಮಾಡಿಬಿಡಿ" ಎಂದರೆ ಅದು ಆದೇಶವಲ್ಲ.

ಯಾವ ಕಡೆಯವರು ಕೈಬಿಟ್ಟರೂ 7 ದಿನ ಮುಂಚೆ ಬರಹದಲ್ಲಿ ತಿಳಿಸಬೇಕು. ಆವರೆಗೆ ಆದ ಕೆಲಸವನ್ನು ಮೇಲಿನ ದರದಲ್ಲೇ ಅಳೆದು ಲೆಕ್ಕ ಚುಕ್ತಾ. ತಕರಾರು ಬಂದರೆ ಮೊದಲು ಕೂತು ಮಾತು, ಬಗೆಹರಿಯದಿದ್ದರೆ ಬೆಂಗಳೂರಿನ ನ್ಯಾಯಾಲಯ.

ಸಭೆಯ ದಿನ ಬೆಳಿಗ್ಗೆ 10ರಿಂದ ನಾನು ಅಲ್ಲೇ ಇರುತ್ತೇನೆ. ಒಂದು ರಿಂಗು, ಒಂದು ಫಿಲ್ಟರ್ ಗಾಡಿಯಲ್ಲಿ ತರುತ್ತೇನೆ, ಬೇಕಾದವರು ಬಿಚ್ಚಿ ನೋಡಬಹುದು.

ಇಂತಿ,
ಗುತ್ತಿಗೆದಾರ, ಮಳೆನೀರು ಕೊಯ್ಲು ಕೆಲಸ
ಬನಶಂಕರಿ, ಬೆಂಗಳೂರು