6ನೇ ತರಗತಿ ಬಿ ವಿಭಾಗ: ಭಿನ್ನರಾಶಿ ಪಾಠದ ವಿಡಿಯೊ ಮತ್ತು ಅದನ್ನು ತೆರೆಯುವ ಬಗೆ

ಪೋಷಕರೇ, ನಮಸ್ಕಾರ.

ಈ ವಾರ ಜ್ವರ, ನೆಗಡಿ ಅಂತ ತರಗತಿಯ ಸುಮಾರು ಮಕ್ಕಳು ಬರಲಿಲ್ಲ. ಅದೇ ಸಮಯಕ್ಕೆ ಭಿನ್ನರಾಶಿಗಳನ್ನು ಕೂಡಿಸುವ ಪಾಠ ನಡೆಯಿತು. ಇದು ತಪ್ಪಿಹೋದರೆ ಮುಂದಿನ ಎರಡು ಪಾಠಗಳೂ ಅರ್ಥವಾಗುವುದು ಕಷ್ಟ. ಹಾಗಾಗಿ ಗುರುವಾರದ ಪಾಠವನ್ನು ರೆಕಾರ್ಡ್ ಮಾಡಿದ್ದೇನೆ. ಒಟ್ಟು 22 ನಿಮಿಷ ಇದೆ. ಶಾಲೆಗೆ ಬಂದಿದ್ದ ಮಕ್ಕಳೂ ಇನ್ನೊಮ್ಮೆ ನೋಡಿದರೆ ಒಳ್ಳೆಯದು.

ಲಿಂಕ್ ಇಲ್ಲಿದೆ:

https://youtu.be/kQ7mZ-2vRxY

ಇದೇ ಲಿಂಕನ್ನು ಈ ಮೆಸೇಜಿನ ಕೆಳಗೆ ಬೇರೆಯಾಗಿ ಇನ್ನೊಂದು ಸಲ ಹಾಕಿದ್ದೇನೆ. ಕಾಪಿ ಮಾಡಬೇಕಾದವರಿಗೆ ಅದು ಸುಲಭ.

ತೆರೆಯುವುದು ಹೀಗೆ:

1. ನೀಲಿ ಬಣ್ಣದಲ್ಲಿ ಕಾಣುವ ಲಿಂಕಿನ ಅಕ್ಷರಗಳ ಮೇಲೆ ಒಂದು ಸಲ ಒತ್ತಿ. ಪಕ್ಕದಲ್ಲಿ ಚಿತ್ರ ಕಂಡರೆ ಅದರ ಮೇಲೆ ಒತ್ತಬೇಡಿ. ಕೆಲವು ಫೋನ್‌ಗಳಲ್ಲಿ ಆಗ ವಿಡಿಯೊ ವಾಟ್ಸಾಪ್ ಒಳಗೇ ಚಿಕ್ಕದಾಗಿ ಓಡುತ್ತದೆ, ಬೋರ್ಡಿನ ಬರಹ ಓದಲಾಗುವುದಿಲ್ಲ.

2. ಯೂಟ್ಯೂಬ್ ತೆರೆದುಕೊಳ್ಳುತ್ತದೆ. ಯಾವುದರಲ್ಲಿ ತೆರೆಯಬೇಕು ಅಂತ ಫೋನ್ ಕೇಳಿದರೆ YouTube ಅನ್ನೇ ಆರಿಸಿ. ಆ ಆ್ಯಪ್ ಇಲ್ಲದಿದ್ದರೆ Chrome ಆರಿಸಿ, ಅದರಲ್ಲೂ ಓಡುತ್ತದೆ. ಪಾಸ್‌ವರ್ಡ್ ಬೇಕಿಲ್ಲ, ಹಣ ಕಟ್ಟಬೇಕಿಲ್ಲ. ಯಾರಾದರೂ ಒಟಿಪಿ ಕೇಳಿದರೆ ಅದು ನಮ್ಮ ಪಾಠವಲ್ಲ, ತಕ್ಷಣ ಮುಚ್ಚಿಬಿಡಿ.

3. ಮೊದಲು ಜಾಹೀರಾತು ಬಂದರೆ Skip ಅಂತ ಕಾಣುವವರೆಗೆ ಕಾದು ಅದನ್ನು ಒತ್ತಿ. ಆಮೇಲೆ ಹಸಿರು ಬೋರ್ಡ್ ಕಾಣಬೇಕು. ಅದರ ಮೇಲೆ ‘ಭಿನ್ನರಾಶಿಗಳ ಸಂಕಲನ’ ಅಂತ ಬರೆದಿರುತ್ತದೆ. ಬೇರೆ ಏನಾದರೂ ಕಂಡರೆ ಅದು ತಪ್ಪು ವಿಡಿಯೊ.

4. ಫೋನನ್ನು ಅಡ್ಡ ಹಿಡಿದು, ವಿಡಿಯೊದ ಕೆಳಗಡೆ ಬಲ ಮೂಲೆಯ ಚೌಕದಂಥ ಗುರುತನ್ನು ಒತ್ತಿ. ಪಾಠ ಇಡೀ ಪರದೆ ತುಂಬುತ್ತದೆ.

5. ನೆಟ್ ನಿಧಾನ ಇದ್ದರೆ ಅಥವಾ ಡೇಟಾ ಕಡಿಮೆ ಇದ್ದರೆ, ಮೇಲಿನ ಚಕ್ರದ ಗುರುತು ಒತ್ತಿ, Quality ಅಂತ ಇರುವುದನ್ನು ತೆರೆದು, Advanced ಒಳಗೆ 360p ಆರಿಸಿ. ನಾನೇ ನೋಡಿ ಪರೀಕ್ಷಿಸಿದ್ದೇನೆ, 360pಯಲ್ಲಿ ಎಲ್ಲ ಅಂಕಿಗಳೂ ಸ್ಪಷ್ಟ. 144pಗೆ ಮಾತ್ರ ಇಳಿಸಬೇಡಿ. ಗೆರೆಯ ಕೆಳಗಿನ 3 ಯಾವುದು, 8 ಯಾವುದು ಅಂತ ಗೊತ್ತಾಗುವುದಿಲ್ಲ. ಈ ಪಾಠದಲ್ಲಿ ಗಮನ ಇಡಬೇಕಾದದ್ದೇ ಆ ಕೆಳಗಿನ ಸಂಖ್ಯೆಯ ಮೇಲೆ.

ಲಿಂಕ್ ಒತ್ತಿದರೂ ಏನೂ ಆಗದಿದ್ದರೆ, ಕೆಳಗಿನ ಮೆಸೇಜನ್ನು ಒತ್ತಿ ಹಿಡಿದು ಕಾಪಿ ಮಾಡಿ, Chrome ತೆರೆದು ಮೇಲಿನ ಉದ್ದ ಜಾಗದಲ್ಲಿ ಪೇಸ್ಟ್ ಮಾಡಿ. Video unavailable ಅಂತ ಬಂದರೆ ಲಿಂಕಿನ ಒಂದೆರಡು ಅಕ್ಷರ ಬಿಟ್ಟುಹೋಗಿರುವ ಸಾಧ್ಯತೆ ಜಾಸ್ತಿ. ಕೈಯಲ್ಲಿ ಟೈಪ್ ಮಾಡಬೇಡಿ, ದೊಡ್ಡಕ್ಷರ ಸಣ್ಣಕ್ಷರ ಒಂದು ತಪ್ಪಿದರೂ ತೆರೆಯುವುದಿಲ್ಲ. ಯೂಟ್ಯೂಬಿನಲ್ಲಿ ಹುಡುಕಿದರೂ ಇದು ಸಿಗುವುದಿಲ್ಲ, ಲಿಂಕ್ ಇದ್ದವರಿಗೆ ಮಾತ್ರ ಕಾಣುವಂತೆ ಇಟ್ಟಿದ್ದೇನೆ.

ಅದಕ್ಕೇ ಒಂದು ವಿನಂತಿ. ಲಿಂಕ್ ಯಾರ ಕೈಗೆ ಸಿಕ್ಕರೂ ಅವರು ನೋಡಬಹುದು. ವಿಡಿಯೊದಲ್ಲಿ ಮಕ್ಕಳ ಮುಖ ಇಲ್ಲ, ಆದರೆ ಪ್ರಶ್ನೆ ಕೇಳುವ ದನಿಗಳು ಇವೆ. ದಯವಿಟ್ಟು ಬೇರೆ ಗುಂಪುಗಳಿಗೆ ಕಳಿಸಬೇಡಿ, ಸ್ಟೇಟಸ್‌ಗೂ ಹಾಕಬೇಡಿ.

ಇನ್ನು ನೋಡುವ ರೀತಿ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಸುಮ್ನೆ 22 ನಿಮಿಷ ನೋಡಿ ಮುಗಿಸಿದರೆ ಉಪಯೋಗ ತೀರಾ ಕಡಿಮೆ. ಮಗುವಿನ ಮುಂದೆ ಗಣಿತದ ನೋಟ್‌ಬುಕ್, ಪೆನ್ಸಿಲ್, ಒಂದು ಕಾಗದದ ಪಟ್ಟಿ ಇರಲಿ. 4:10ಕ್ಕೆ ನಾನು ಪಟ್ಟಿಯನ್ನು ಆರು ಸಮ ಭಾಗವಾಗಿ ಮಡಚುತ್ತೇನೆ. ಮಗುವೂ ವಿಡಿಯೊ ನಿಲ್ಲಿಸಿ ಮಡಚಲಿ. ಮಡಿಕೆಗಳು ಸ್ವಲ್ಪ ಸೊಟ್ಟಗಾದರೂ ಚಿಂತೆಯಿಲ್ಲ.

9:30ಕ್ಕೆ ‘ಈಗ ನಿಲ್ಲಿಸಿ’ ಅಂತ ಹೇಳಿದ್ದೇನೆ. ಆಗ ಬೋರ್ಡಿನ ಮೇಲೆ 1/2 + 1/3 ಇರುತ್ತದೆ. ಉತ್ತರವನ್ನು ಮಗುವೇ ಬರೆಯಬೇಕು, ಆಮೇಲೆಯೇ ಮುಂದಕ್ಕೆ ಹೋಗಬೇಕು. ಬಹಳ ಮಕ್ಕಳು ಇಲ್ಲಿ 2/5 ಅಂತ ಬರೆಯುತ್ತಾರೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿಬಿಡುತ್ತಾರೆ. ನಿಮ್ಮ ಮಗುವೂ ಹಾಗೇ ಬರೆದರೆ ಬೈಯಬೇಡಿ, ಸರಿ ಉತ್ತರವನ್ನೂ ಹೇಳಿಕೊಡಬೇಡಿ. ಒಂದೇ ಪ್ರಶ್ನೆ ಕೇಳಿ: ‘ಅರ್ಧಕ್ಕೆ ಇನ್ನಷ್ಟು ಸೇರಿಸಿದರೆ ಅರ್ಧಕ್ಕಿಂತ ಜಾಸ್ತಿ ಆಗಬೇಕು ಅಲ್ವಾ? 2/5 ಅರ್ಧಕ್ಕಿಂತ ಜಾಸ್ತಿನಾ, ಕಡಿಮೆನಾ?’ ಮಡಚಿದ ಪಟ್ಟಿ ಕೈಯಲ್ಲೇ ಇರುತ್ತದೆ. ಅದರ ಅರ್ಧ ಅಂದರೆ ಮೂರು ಭಾಗ, ಮೂರನೇ ಒಂದು ಅಂದರೆ ಎರಡು ಭಾಗ. ಒಟ್ಟು ಆರರಲ್ಲಿ ಐದು. ಇದನ್ನು ಮಗು ತಾನೇ ಎಣಿಸಿ ಕಂಡುಕೊಂಡರೆ ಲ.ಸಾ.ಅ. ಯಾಕೆ ಬೇಕು ಅನ್ನುವುದು ತಲೆಗೆ ಹತ್ತುತ್ತದೆ. ನಿಯಮ ಬಾಯಿಪಾಠ ಮಾಡಿದವರು ಪರೀಕ್ಷೆಯಲ್ಲಿ ಮತ್ತೆ 2/5ಕ್ಕೇ ಹೋಗುವುದನ್ನು ಪ್ರತಿ ವರ್ಷ ನೋಡುತ್ತಿದ್ದೇನೆ.

ನಿಮಗೆ ಗಣಿತ ಮರೆತುಹೋಗಿದ್ದರೂ ಪರವಾಗಿಲ್ಲ. ಪಾಠ ಹೇಳುವ ಕೆಲಸ ನನ್ನದು. ನೀವು ಪಕ್ಕದಲ್ಲಿ ಕೂತು, ನಿಲ್ಲಿಸಬೇಕಾದ ಕಡೆ ನಿಲ್ಲಿಸಿದ್ದಾರಾ ಅಂತ ನೋಡಿದರೆ ಸಾಕು. ಮಾತು ವೇಗ ಅನ್ನಿಸಿದರೆ ಅದೇ ಚಕ್ರದ ಗುರುತಿನಲ್ಲಿ Playback speed ಇದೆ, 0.75x ಇಡಿ. ಒಂದು ಸಾಲು ತಪ್ಪಿಹೋದರೆ ಪರದೆಯ ಎಡಭಾಗದಲ್ಲಿ ಬೇಗ ಬೇಗ ಎರಡು ಸಲ ತಟ್ಟಿ, 10 ಸೆಕೆಂಡ್ ಹಿಂದಕ್ಕೆ ಹೋಗುತ್ತದೆ. ಮುಗಿದ ಕೂಡಲೇ ಯೂಟ್ಯೂಬ್ ಬೇರೆ ವಿಡಿಯೊ ಶುರುಮಾಡಬಹುದು. ಆ ಹೊತ್ತಿಗೆ ಫೋನ್ ನಿಮ್ಮ ಕೈಗೆ ಬಂದರೆ ಒಳ್ಳೆಯದು.

15:40ರಿಂದ ಅಭ್ಯಾಸದ ಲೆಕ್ಕಗಳಿವೆ. ನೋಟ್‌ಬುಕ್‌ನಲ್ಲಿ ಮಾಡಿಕೊಂಡು ಬರಬೇಕಾದವು ಈ ಮೂರು ಮಾತ್ರ:

1/4 + 1/6
2/3 + 1/5
3/4 + 1/2

ಮೂರನೆಯದರ ಉತ್ತರ ಒಂದಕ್ಕಿಂತ ಜಾಸ್ತಿ ಬರುತ್ತದೆ. ತಪ್ಪಾಯಿತೇನೋ ಅಂತ ಮಕ್ಕಳು ಅಳಿಸಿಬಿಡುತ್ತಾರೆ, ಅಳಿಸದಿರಲು ಹೇಳಿ. ತಪ್ಪು ಹೆಜ್ಜೆಗಳೂ ನೋಟ್‌ಬುಕ್‌ನಲ್ಲಿ ಹಾಗೇ ಇರಲಿ. ಎಲ್ಲಿ ಎಡವಿದ್ದಾರೆ ಅಂತ ನನಗೆ ಕಾಣಬೇಕು. ಮಂಗಳವಾರ ಮೊದಲ ಅವಧಿಯಲ್ಲಿ ನೋಡುತ್ತೇನೆ. ಇನ್ನೂ ಹುಷಾರಾಗದ ಮಕ್ಕಳಿಗೆ ಈ ಗಡುವು ಇಲ್ಲ. ಮೊದಲು ಚೆನ್ನಾಗಿ ನಿದ್ದೆ ಮಾಡಲಿ, ವಿಡಿಯೊ ಅಲ್ಲೇ ಇರುತ್ತದೆ.

ಮನೆಯಲ್ಲಿ ಇಂಟರ್ನೆಟ್ ಇರುವ ಫೋನ್ ಇಲ್ಲದಿದ್ದರೆ, ಅಥವಾ ಫೋನ್ ರಾತ್ರಿಯವರೆಗೆ ಕೆಲಸಕ್ಕೆ ಹೋದವರ ಜೊತೆಗೇ ಇರುತ್ತದಾದರೆ, ದಯವಿಟ್ಟು ಸಂಕೋಚ ಬೇಡ. ಸೋಮವಾರ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಕಂಪ್ಯೂಟರ್ ಕೋಣೆಯಲ್ಲಿ ಈ ಪಾಠ ಹಾಕುತ್ತೇನೆ. ಮಗು ಬರುವುದಾದರೆ ಒಂದು ಸಾಲು ಡೈರಿಯಲ್ಲಿ ಬರೆದು ಕಳಿಸಿ. ಬೋರ್ಡಿನಲ್ಲಿ ಬರೆದದ್ದರ ಪ್ರಿಂಟ್ ಕೂಡ ನನ್ನ ಹತ್ತಿರ ಇದೆ, ಕೇಳಿದವರಿಗೆಲ್ಲ ಕೊಡುತ್ತೇನೆ.

ತೆರೆಯಲು ತೊಂದರೆಯಾದರೆ ಪರದೆಯ ಮೇಲೆ ಬಂದದ್ದರ ಸ್ಕ್ರೀನ್‌ಶಾಟ್ ತೆಗೆದು ನನಗೆ ನೇರವಾಗಿ ವಾಟ್ಸಾಪ್ ಮಾಡಿ. ‘ಓಪನ್ ಆಗ್ತಿಲ್ಲ’ ಅಂತಷ್ಟೇ ಬಂದರೆ ಏನಾಗಿದೆ ಅಂತ ನನಗೆ ತಿಳಿಯುವುದಿಲ್ಲ, ಚಿತ್ರ ನೋಡಿದರೆ ಬೇಗ ಹೇಳಬಲ್ಲೆ. ಸಂಜೆ 5ರಿಂದ 8ರವರೆಗೆ ಉತ್ತರಿಸುತ್ತೇನೆ.

ವಂದನೆಗಳೊಂದಿಗೆ,
ಗಣಿತ ಶಿಕ್ಷಕಿ
6ನೇ ತರಗತಿ, ಬಿ ವಿಭಾಗ