ವಾರದ ಮಾರ್ಕೆಟ್ ನೋಟ: ನಿಫ್ಟಿ 25,000ದಲ್ಲಿ ನಿಲ್ಲುತ್ತಾ? (ಅಕ್ಟೋಬರ್ 7ರಿಂದ 11, 2024)

ಗಂಗಾವತಿ, ಭಾನುವಾರ, ಅಕ್ಟೋಬರ್ 6

ನಮ್ಮ ಷೇರು ಕ್ಲಬ್ಬಿನ ಎಲ್ಲರಿಗೂ ಶರಣು. ಶುಕ್ರವಾರ ಸಂಜೆಯಿಂದ ನನ್ನ ಫೋನಿಗೆ ಬಂದದ್ದು ಒಂದೇ ಪ್ರಶ್ನೆ: ಈಗ ತಗೊಳ್ಳೋಣವಾ, ಮಾರೋಣವಾ? ನನ್ನ ಉತ್ತರ: ಮಾರೋದು ಬೇಡ, ಪೂರ್ತಿ ದುಡ್ಡು ಹಾಕೋದೂ ಬೇಡ. ಯಾಕೆ ಅಂತ ಕೆಳಗೆ ಬರೆದಿದ್ದೇನೆ.

ಸೆಪ್ಟೆಂಬರ್ 27ರಂದು ನಿಫ್ಟಿ 26,277ರ ಹೊಸ ಎತ್ತರ ಮುಟ್ಟಿ 26,179ಕ್ಕೆ ಮುಗಿದಿತ್ತು. ಮೊನ್ನೆ ಶುಕ್ರವಾರ ಮುಗಿದದ್ದು 25,014ಕ್ಕೆ. ಗಾಂಧಿ ಜಯಂತಿ ರಜೆ ಬಿಟ್ಟರೆ ಬರೀ ನಾಲ್ಕು ದಿನದ ವಹಿವಾಟು, ಅದರಲ್ಲೇ 1,164 ಪಾಯಿಂಟ್, ಅಂದರೆ ಸುಮಾರು ನಾಲ್ಕೂವರೆ ಪರ್ಸೆಂಟ್ ಹೋಯಿತು. 2022ರ ಜೂನ್ ಆದಮೇಲೆ ಒಂದೇ ವಾರದಲ್ಲಿ ಇಷ್ಟು ಬಿದ್ದಿರಲಿಲ್ಲ. ಗುರುವಾರ ಒಂದೇ ದಿನ 547 ಪಾಯಿಂಟ್.

ಕಾರಣ ನಿಮಗೆ ಗೊತ್ತಿರುವುದೇ. ಇರಾನ್ ಇಸ್ರೇಲ್ ಮೇಲೆ ಕ್ಷಿಪಣಿ ಹಾರಿಸಿತು, ಕಚ್ಚಾ ತೈಲ ಏರಿತು. ಚೀನಾ ತನ್ನ ಆರ್ಥಿಕತೆ ಎತ್ತಲು ದೊಡ್ಡ ಪ್ಯಾಕೇಜ್ ಕೊಟ್ಟಿದ್ದರಿಂದ ವಿದೇಶಿ ದುಡ್ಡು ಆ ಕಡೆ ವಾಲಿತು. ಗುರುವಾರ ವಿದೇಶಿ ಸಂಸ್ಥೆಗಳು ನಿವ್ವಳ 15,243 ಕೋಟಿಯಷ್ಟು ಷೇರು ಮಾರಿವೆ. ನಮ್ಮ ಮ್ಯೂಚುವಲ್ ಫಂಡ್‌, ವಿಮೆ ಕಂಪನಿಗಳು ಸುಮಾರು 12,900 ಕೋಟಿ ಕೊಂಡರೂ ತಡೆಯಲಾಗಲಿಲ್ಲ.

ಈಗ ಮಟ್ಟಗಳ ಮಾತು. 25,000 ಬರೀ ದುಂಡು ಸಂಖ್ಯೆ ಅಲ್ಲ, 50 ದಿನದ ಸರಾಸರಿಯೂ ಅದರ ಆಸುಪಾಸಲ್ಲೇ ಇದೆ. ಆದರೆ ನನಗೆ ಅದಕ್ಕಿಂತ ಮುಖ್ಯ 24,750, ಸೆಪ್ಟೆಂಬರ್ 9ರ ತಳ. ಆಗಸ್ಟಿನಲ್ಲಿ ನಮ್ಮ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿ ಹೋದಾಗ ನೋಡಿದೆವಲ್ಲ, ಗೇಟ್ ಇರುವವರೆಗೂ ಎಲ್ಲ ಸರಿ, ಹೋದಮೇಲೆ ನೀರು ಎಲ್ಲಿ ನಿಲ್ಲುತ್ತೆ ಅಂತ ಯಾರೂ ಹೇಳಲಾರರು. 24,750 ಅಂಥ ಗೇಟು. ಅದರ ಕೆಳಗೆ 24,500, ಆಮೇಲೆ ಆಗಸ್ಟ್ ಮಧ್ಯದ 24,100. ಮೇಲೆ ಹೋಗಬೇಕಾದರೆ ಮೊದಲ ಅಡ್ಡಿ 25,250, ಆಮೇಲೆ 25,500. ದೊಡ್ಡ ಟ್ರೆಂಡ್ ಇನ್ನೂ ಮೇಲ್ಮುಖವೇ, ಎತ್ತರದಿಂದ ಸುಮಾರು 4.8 ಪರ್ಸೆಂಟ್ ಇಳಿದಿದ್ದೇವೆ ಅಷ್ಟೆ. ಸಣ್ಣ ಟ್ರೆಂಡ್ ಮಾತ್ರ ಕೆಟ್ಟಿದೆ, ಅದನ್ನ ಸುಮ್ನೆ ಮುಚ್ಚಿಡೋದು ಬೇಡ.

ವಾರದಲ್ಲಿ ಮೂರು ದಿನ ಗಮನವಿರಲಿ. ಮಂಗಳವಾರ ಹರಿಯಾಣ, ಜಮ್ಮು ಕಾಶ್ಮೀರದ ಫಲಿತಾಂಶ. ಬುಧವಾರ ರಿಸರ್ವ್ ಬ್ಯಾಂಕ್ ನಿರ್ಧಾರ. ರೆಪೊ, ಅಂದರೆ ಅದು ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿದರ, 2023ರ ಫೆಬ್ರವರಿಯಿಂದ 6.5 ಪರ್ಸೆಂಟ್‌ನಲ್ಲೇ ಕೂತಿದೆ, ಈ ಸಲವೂ ಇಳಿಸುವುದು ಅನುಮಾನ. ಆದರೆ ಧೋರಣೆ ಸ್ವಲ್ಪ ಮೆತ್ತಗಾದರೂ ಬ್ಯಾಂಕ್ ಷೇರುಗಳು ಏಳಬಹುದು. ಗುರುವಾರ ಟಿಸಿಎಸ್ ಫಲಿತಾಂಶ.

ನನಗೆ ಮೂರು ದಾರಿ ಕಾಣುತ್ತಿವೆ. ಮೊದಲನೆಯದು, ನಿಫ್ಟಿ 25,000 ಹಿಡಿದುಕೊಂಡು 25,250ರ ಮೇಲೆ ಮುಗಿದರೆ 25,500ವರೆಗೆ ಪುಟಿಯಬಹುದು. ಅದನ್ನ ಪುಟಿತ ಅಂತಲೇ ನೋಡಿ, ಹೊಸ ಎತ್ತರಕ್ಕೆ ಹೊರಟಿತು ಅಂತ ಕುಣಿಯಬೇಡಿ. ನನಗೆ ಜಾಸ್ತಿ ಅನ್ನಿಸುವುದು ಎರಡನೆಯದು: 24,750 ಮತ್ತು 25,250ರ ನಡುವೆ ಮೇಲೆ ಕೆಳಗೆ ಹೊಯ್ದಾಡಿ ಎರಡೂ ಕಡೆಯವರಿಗೆ ಹೊಡೆತ ಕೊಡುವುದು. ಮೂರನೆಯದು 24,750ರ ಕೆಳಗೆ ಮುಗಿಯುವುದು. ನಡುದಿನ ಮುಟ್ಟಿ ವಾಪಸ್ ಬಂದರೆ ಲೆಕ್ಕಕ್ಕಿಲ್ಲ, ಮಾರ್ಕೆಟ್ ಮುಗಿಯುವ ಮೂರೂವರೆಯ ಬೆಲೆಯೇ ಲೆಕ್ಕ.

ಕ್ಲಬ್ಬಿನ ಕೈಯಲ್ಲಿ ಈಗ 1,80,000 ಇದೆ. ಮಿಲ್ ಅಣ್ಣ ಸೋಮವಾರವೇ ಪೂರ್ತಿ ಹಾಕೋಣ ಅಂತಾರೆ. ಅಣ್ಣಾ, ಬೆಲೆ ಇಳಿದ ದಿನ ಮಂಡಿಯಲ್ಲಿ ಇಡೀ ವರ್ಷದ ಭತ್ತ ನೀವು ಕೊಳ್ಳಲ್ಲ, ಅಲ್ವಾ? ನನ್ನ ಸಲಹೆ ಮೂರು ಕಂತು. ಬುಧವಾರ ರಿಸರ್ವ್ ಬ್ಯಾಂಕ್ ಮಾತಾಡಿದ ಮೇಲೆ, ನಿಫ್ಟಿ 24,750ರ ಮೇಲಿದ್ದರೆ ಇಂಡೆಕ್ಸ್ ಇಟಿಎಫ್‌ಗೆ 60 ಸಾವಿರ. ಇನ್ನೊಂದು 60 ಸಾವಿರ 25,250 ದಾಟಿ ಮುಗಿದರೆ, ಇಲ್ಲವೇ 24,100ರ ಹತ್ತಿರ ಇಳಿದರೆ. ಉಳಿದದ್ದು ದೀಪಾವಳಿ ಆಚೆಗೆ.

ಇಬ್ಬರು ಹುಡುಗರು ಫ್ಯೂಚರ್ಸ್ ಕೇಳ್ತಾ ಇದ್ದಾರೆ. ಅಲ್ಲಿ ನಿಫ್ಟಿಯ ಒಂದು ಲಾಟ್ ಅಂದರೆ 25 ಯೂನಿಟ್, ಒಂದು ಪಾಯಿಂಟ್ ಬಿದ್ದರೆ 25 ರೂಪಾಯಿ ಹೋಯಿತು. ಸೆಪ್ಟೆಂಬರ್ 27ರ ಮುಕ್ತಾಯದ ಬೆಲೆಗೆ ಒಂದೇ ಲಾಟ್ ಕೊಂಡಿದ್ದರೂ ಸುಮಾರು 29 ಸಾವಿರ ಹೋಗ್ತಿತ್ತು, ನಮ್ಮ ಹನ್ನೆರಡು ಜನರ ತಿಂಗಳ ವಂತಿಗೆಯೇ 24 ಸಾವಿರ. ಅದೂ ಅಲ್ಲದೆ ಷೇರುಪೇಟೆ ನಿಯಂತ್ರಕ ಸೆಬಿ ನವೆಂಬರ್ 20ರಿಂದ ಕನಿಷ್ಠ ಕಾಂಟ್ರಾಕ್ಟ್ ಮೊತ್ತ 15 ಲಕ್ಷ ಮಾಡಿದೆ. ಕ್ಲಬ್ ದುಡ್ಡಲ್ಲಿ ಇದು ಆಗಲ್ಲ.

ಜೂನ್ 4ರಂದು ನಾನೇ ಗಾಬರಿಬಿದ್ದು ಮಧ್ಯಾಹ್ನ ಅರ್ಧ ಮಾರಿಸಿದ್ದು ಎಲ್ಲರಿಗೂ ನೆನಪಿದೆ. ನಿಫ್ಟಿ ಆವತ್ತು 21,884ಕ್ಕೆ ಮುಗಿದು, ಮೂರೇ ದಿನಕ್ಕೆ 23,290ಕ್ಕೆ ಬಂತು. ಅದಕ್ಕೇ ಈ ಸಲ ಫೋನಲ್ಲಿ ನಿರ್ಧಾರ ಇಲ್ಲ. 24,750ರ ಕೆಳಗೆ ಮುಗಿದರೆ ಅವತ್ತೇ ಸಂಜೆ ಏಳಕ್ಕೆ ಮಿಲ್ಲಿನಲ್ಲಿ ಕೂಡೋಣ, ಏಳು ಜನ ಬಂದರೆ ಸಾಕು. ಶನಿವಾರ ನಾನು ಹೇಮಗುಡ್ಡದ ದಸರಾದಲ್ಲಿರುತ್ತೇನೆ, ಮುಂದಿನ ನೋಟ ಭಾನುವಾರ ರಾತ್ರಿಯೇ.